ಫೋಟೋದಲ್ಲಿ ಬಂದ ಟೈಲ್ಸ್ ಲೆಕ್ಕ, ಗಂಟೆ ಲೆಕ್ಕ: ಮಸಾಅ ಬೇಕೋ, ಲಸಾಅ ಬೇಕೋ?

'ಟೈಲ್ಸ್ ಬಂದರೆ ಮಸಾಅ, ಗಂಟೆ ಬಂದರೆ ಲಸಾಅ.' ಕುಂಬಳೆ, ಬದಿಯಡ್ಕ, ಉಪ್ಪಳದ ಕಡೆ ಕನ್ನಡ ಮಾಧ್ಯಮದಲ್ಲಿ ಓದುವ ಎಷ್ಟೋ ಮಕ್ಕಳು ಇದನ್ನು ಸೂತ್ರದ ಹಾಗೆ ಬಾಯಿಪಾಠ ಮಾಡಿರುತ್ತಾರೆ. ಮಸಾಅ ಎಂದರೆ ಮಹತ್ತಮ ಸಾಮಾನ್ಯ ಅಪವರ್ತನ, ಲಸಾಅ ಎಂದರೆ ಲಘುತಮ ಸಾಮಾನ್ಯ ಅಪವರ್ತ್ಯ. ಹೆಚ್ಚಿನ ಸಲ ಉತ್ತರ ಸರಿಯಾಗಿಯೂ ಬರುತ್ತದೆ. ಹಾಗಾಗಿಯೇ ಇದು ಅಪಾಯದ ಸೂತ್ರ. ಟೈಲ್ಸ್ ಇದ್ದೂ ಲಸಾಅ ಬೇಕಾಗುವ ಲೆಕ್ಕ ಇದೆ, ಬಾರಿಸುವ ಗಂಟೆ ಇದ್ದೂ ಮಸಾಅ ಬೇಕಾಗುವ ಲೆಕ್ಕ ಇದೆ. ಎರಡನ್ನೂ ಇಲ್ಲಿ ಮಾಡಿ ನೋಡೋಣ. ಅದಕ್ಕಿಂತ ಮೊದಲು ಫೋಟೋದ ವಿಷಯ. ಈಗ ಲೆಕ್ಕಗಳು ಬರುವುದು ಮೊಬೈಲಿನಲ್ಲಿ ಅಲ್ವಾ? ತಪ್ಪು ಎಷ್ಟೋ ಸಲ ಲೆಕ್ಕದಲ್ಲಿ ಇರುವುದಿಲ್ಲ, ಫೋಟೋ ಓದುವುದರಲ್ಲಿ ಇರುತ್ತದೆ.

ಮೊದಲು ಫೋಟೋವನ್ನು ಕಾಗದಕ್ಕೆ ಇಳಿಸಿ

ಫೋಟೋ ನೋಡುತ್ತಾ ನೇರವಾಗಿ ಲೆಕ್ಕ ಶುರು ಮಾಡಬೇಡಿ. ಪ್ರಶ್ನೆಯನ್ನು ಒಮ್ಮೆ ಜೂಮ್ ಮಾಡಿ ಓದಿ, ಒಂದು ಕಾಗದದಲ್ಲಿ ಮೂರು ಸಾಲು ಬರೆದುಕೊಳ್ಳಿ: ಕೊಟ್ಟ ಸಂಖ್ಯೆಗಳು ಯಾವುವು, ಅವುಗಳ ಅಳತೆ ಏನು (ಮೀಟರೋ, ಸೆಂಟಿಮೀಟರೋ, ನಿಮಿಷವೋ, ಸೆಕೆಂಡೋ), ಕೊನೆಗೆ ಕೇಳಿದ್ದು ಏನು.

ಹೀಗೆ ಬರೆಯುವಾಗಲೇ ಕಾಣೆಯಾದದ್ದು ಗೊತ್ತಾಗುತ್ತದೆ. ಪುಸ್ತಕ ಮಡಚುವ ಜಾಗದಲ್ಲಿ ಸಾಲಿನ ಮೊದಲ ಅಕ್ಷರ ನುಂಗಿಹೋಗುತ್ತದೆ. ನಮ್ಮ ಕನ್ನಡದಲ್ಲಿ ಇದು ದೊಡ್ಡ ತೊಂದರೆ. ಮ.ಸಾ.ಅ., ಲ.ಸಾ.ಅ. ಎರಡಕ್ಕೂ ಬೇರೆ ಇರುವುದು ಮೊದಲ ಅಕ್ಷರ ಮಾತ್ರ. ಅದು ಹೋದರೆ ಉಳಿಯುವುದು ಬರೀ 'ಸಾ.ಅ.'. ದಶಮಾಂಶದ ಚುಕ್ಕೆ ಮಾಯವಾಗಿ 6.24 ಮೀಟರ್ ಇದ್ದದ್ದು 624 ಮೀಟರ್ ಆಗುತ್ತದೆ. 624 ಮೀಟರ್ ಉದ್ದದ ಕೋಣೆ ಇರಲಾರದು ಎಂದು ಯೋಚಿಸಿದರೆ ತಪ್ಪು ಅಲ್ಲೇ ಸಿಗುತ್ತದೆ. ಪ್ರಶ್ನೆಯ ಕೊನೆಯ ಸಾಲು ಫೋಟೋದಿಂದ ಹೊರಗೆ ಉಳಿಯುವುದೂ ಉಂಟು. ಪ್ರಶ್ನೆ ಪೂರ್ಣವಿರಾಮದಲ್ಲೋ ಪ್ರಶ್ನಾರ್ಥಕ ಚಿಹ್ನೆಯಲ್ಲೋ ಮುಗಿದಿದೆಯೇ ಎಂದು ನೋಡಿ. ಇಲ್ಲವಾದರೆ ಕಳಿಸಿದವರನ್ನು ಕೇಳಿ, ಊಹೆ ಮಾಡಬೇಡಿ.

ಅಂಕಿ ಮಸುಕಾಗಿದ್ದರೆ ವಾಟ್ಸಾಪಿನಲ್ಲಿ ಫೋಟೋವನ್ನು 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ. ಆಗ ಅದು ಕುಗ್ಗದೆ ಬರುತ್ತದೆ. ಮಲಯಾಳಂ ಗೈಡಿನ ಪುಟ ಬಂದರೆ ಗಾಬರಿ ಬೇಡ. ಅಲ್ಲಿ 'ಉಸಾಘ' ಅಂದರೆ ನಮ್ಮ ಮಸಾಅ, 'ಲಸಾಗು' ಅಂದರೆ ಲಸಾಅ. ಇಂಗ್ಲಿಷ್ ಪುಟದಲ್ಲಿ ಮಸಾಅಕ್ಕೆ ಎಚ್‌ಸಿಎಫ್ ಅಥವಾ ಜಿಸಿಡಿ, ಲಸಾಅಕ್ಕೆ ಎಲ್‌ಸಿಎಂ ಎಂದಿರುತ್ತದೆ.

ಕೊಟ್ಟದ್ದನ್ನು ತುಂಡು ಮಾಡುತ್ತೇವೋ, ಮತ್ತೆ ಮತ್ತೆ ಜೋಡಿಸುತ್ತೇವೋ?

ಯಾವುದು ಬೇಕೆಂದು ತಿಳಿಯಲು ನಾನು ಮಕ್ಕಳಿಗೆ ಹೇಳಿಕೊಡುವುದು ಈ ಒಂದೇ ಪ್ರಶ್ನೆ. ಕೊಟ್ಟ ಅಳತೆಗಳನ್ನು ಸಮನಾದ ತುಂಡುಗಳಾಗಿ ಮಾಡಬೇಕಾದರೆ ಉತ್ತರ ಕೊಟ್ಟ ಸಂಖ್ಯೆಗಳಿಗಿಂತ ಚಿಕ್ಕದು, ಹೆಚ್ಚೆಂದರೆ ಅವುಗಳಲ್ಲಿ ಚಿಕ್ಕದರಷ್ಟು. ಅದು ಎಲ್ಲವನ್ನೂ ಶೇಷವಿಲ್ಲದೆ ಭಾಗಿಸಬೇಕು. ಅದು ಮಸಾಅ. ಕೊಟ್ಟ ಅಳತೆಗಳನ್ನೇ ಒಂದರ ಪಕ್ಕ ಒಂದು, ಅಥವಾ ಒಂದರ ನಂತರ ಒಂದು ಜೋಡಿಸುತ್ತಾ ಹೋದರೆ ಉತ್ತರ ದೊಡ್ಡದು, ಕಡಿಮೆಯೆಂದರೆ ಅವುಗಳಲ್ಲಿ ದೊಡ್ಡದರಷ್ಟು. ಅದು ಲಸಾಅ.

ಪ್ರಶ್ನೆಯಲ್ಲಿ 'ಗರಿಷ್ಠ', 'ಕನಿಷ್ಠ' ಎಂಬ ಪದ ನೋಡಿ ತೀರ್ಮಾನ ಮಾಡಬೇಡಿ. 'ಈ ನೆಲಕ್ಕೆ ಕನಿಷ್ಠ ಎಷ್ಟು ಚೌಕ ಟೈಲ್ಸ್ ಬೇಕು?' ಎಂದು ಕೇಳಿದಾಗ 'ಕನಿಷ್ಠ' ನೋಡಿ ಲಸಾಅ ಮಾಡುವವರು ಜಾಸ್ತಿ. ಆದರೆ ಟೈಲ್ಸಿನ ಸಂಖ್ಯೆ ಕಡಿಮೆ ಆಗಬೇಕಾದರೆ ಒಂದೊಂದು ಟೈಲೂ ಆದಷ್ಟು ದೊಡ್ಡದಾಗಬೇಕು ಅಲ್ವಾ? ಬೇಕಾದದ್ದು ಮಸಾಅ.

ಟೈಲ್ಸ್ ಲೆಕ್ಕ, ಮೊದಲಿನಿಂದ ಕೊನೆವರೆಗೆ

ಫೋಟೋದಲ್ಲಿ ಹೀಗೆ ಇದೆ ಎಂದುಕೊಳ್ಳಿ: 'ಒಂದು ಕೋಣೆಯ ಉದ್ದ 6 ಮೀ 24 ಸೆಂ.ಮೀ., ಅಗಲ 4 ಮೀ 32 ಸೆಂ.ಮೀ. ಒಂದೇ ಗಾತ್ರದ ಚೌಕ ಟೈಲ್ಸುಗಳನ್ನು ತುಂಡರಿಸದೆ ಹಾಸಬೇಕು. ಕನಿಷ್ಠ ಎಷ್ಟು ಟೈಲ್ಸ್ ಬೇಕು?'

ಮೊದಲು ಎಲ್ಲವನ್ನೂ ಒಂದೇ ಅಳತೆಗೆ ತನ್ನಿ. 624 ಸೆಂ.ಮೀ., 432 ಸೆಂ.ಮೀ. ಮಸಾಅ, ಲಸಾಅ ಎರಡಕ್ಕೂ ಪೂರ್ಣ ಸಂಖ್ಯೆ ಬೇಕು. ಮೀಟರಿನ ದಶಮಾಂಶ ಇಟ್ಟುಕೊಂಡು ಒದ್ದಾಡುವುದಕ್ಕಿಂತ ಸೆಂಟಿಮೀಟರ್ ಮಾಡಿಕೊಳ್ಳುವುದು ಸುಲಭ.

ಇನ್ನು ಮಸಾಅ. ಅವಿಭಾಜ್ಯ ಸಂಖ್ಯೆಗಳಾಗಿ ಬಿಡಿಸಿಯೂ ಕಂಡುಹಿಡಿಯಬಹುದು. ಆದರೆ ಮೂರಂಕಿಯ ಸಂಖ್ಯೆಗಳಿಗೆ ಭಾಗಾಕಾರ ಕ್ರಮವೇ ನನಗೆ ಹೆಚ್ಚು ಇಷ್ಟ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ, ಶೇಷ ತೆಗೆದುಕೊಳ್ಳಿ. ಆಮೇಲೆ ಆ ಚಿಕ್ಕದನ್ನು ಶೇಷದಿಂದ ಭಾಗಿಸಿ. ಶೇಷ 0 ಬರುವವರೆಗೆ ಹೀಗೇ ಮುಂದುವರಿಸಿ.

```
624 = 432 × 1 + 192
432 = 192 × 2 + 48
192 = 48 × 4 + 0
```

ಕೊನೆಯ ಸಾಲಿನಲ್ಲಿ ಭಾಗಿಸಿದ ಸಂಖ್ಯೆ 48. ಅದೇ ಮಸಾಅ. ಟೈಲಿನ ಬದಿ 48 ಸೆಂ.ಮೀ.

ಇದು ಯಾಕೆ ಸರಿಬರುತ್ತದೆ ಎಂಬುದನ್ನು ನೆಲದ ಮೇಲೆಯೇ ನೋಡಬಹುದು. 624 × 432 ನೆಲದಲ್ಲಿ 432 ಬದಿಯ ಒಂದು ದೊಡ್ಡ ಚೌಕ ಗೆರೆ ಹಾಕಿ. ಉಳಿಯುವುದು 192 ಅಗಲದ ಪಟ್ಟಿ. ಆ ಪಟ್ಟಿಯಲ್ಲಿ 192 ಬದಿಯ ಎರಡು ಚೌಕ ಹಿಡಿಸುತ್ತವೆ. ಮತ್ತೆ 48 ಅಗಲದ ಪಟ್ಟಿ ಉಳಿಯುತ್ತದೆ. ಅದರಲ್ಲಿ 48 ಬದಿಯ ನಾಲ್ಕು ಚೌಕ ಸರಿಯಾಗಿ ಕೂರುತ್ತವೆ, ಏನೂ ಉಳಿಯುವುದಿಲ್ಲ. 48 ಬದಿಯ ಟೈಲ್ 192ರ ಚೌಕವನ್ನೂ ತುಂಬುತ್ತದೆ, 432ರ ಚೌಕವನ್ನೂ ತುಂಬುತ್ತದೆ. ಹಾಗಾಗಿ ಇಡೀ ನೆಲವನ್ನು ತುಂಬುತ್ತದೆ. ಚೌಕುಳಿ ಹಾಳೆಯಲ್ಲಿ 13 × 9 ಚೌಕದ ಆಯತ ಬಿಡಿಸಿ, ಒಂದು ಚೌಕ ಎಂದರೆ 48 ಸೆಂ.ಮೀ. ಎಂದು ಇಟ್ಟುಕೊಂಡು ಮಕ್ಕಳಿಂದಲೇ ಇದನ್ನು ಮಾಡಿಸಿ.

ಉದ್ದಕ್ಕೆ 624 ÷ 48 = 13 ಟೈಲ್ಸ್. ಅಗಲಕ್ಕೆ 432 ÷ 48 = 9. ಒಟ್ಟು 13 × 9 = 117 ಟೈಲ್ಸ್. ವಿಸ್ತೀರ್ಣದಿಂದ ಮಾಡುವವರು ನೆಲದ ವಿಸ್ತೀರ್ಣವನ್ನು ಒಂದು ಟೈಲಿನ ವಿಸ್ತೀರ್ಣದಿಂದ, ಅಂದರೆ 48 × 48ರಿಂದ, ಭಾಗಿಸಬೇಕು. ಬರೀ 48ರಿಂದ ಭಾಗಿಸಿದರೆ 5616 ಬರುತ್ತದೆ. ಒಂದು ಕೋಣೆಗೆ ಐದು ಸಾವಿರ ಟೈಲ್ಸ್ ಬೇಕಾಗುವುದಿಲ್ಲ.

ನಿಜವಾದ ಮನೆಗೆ ಈ ಲೆಕ್ಕ ಹಾಗೆಯೇ ಕೂರುವುದಿಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಚೌಕ ಟೈಲ್ಸ್ 30 × 30 ಅಥವಾ 60 × 60 ಸೆಂ.ಮೀ.ನವು. ಟೈಲ್ಸ್ ಹಾಕುವವರು ನಡುವೆ ಸಣ್ಣ ಸಂದು ಬಿಡುತ್ತಾರೆ, ಅಂಚಿನ ಟೈಲ್ಸುಗಳನ್ನು ಕಟ್ ಮಾಡುತ್ತಾರೆ. 'ತುಂಡರಿಸದೆ' ಎಂಬ ಪದ ಪ್ರಶ್ನೆಯಲ್ಲಿ ಇರುವುದರಿಂದಲೇ ಇದು ಮಸಾಅ ಲೆಕ್ಕ.

ಅಂಕಿ ತಪ್ಪಾಗಿ ಓದಿದರೆ ಉತ್ತರವೇ ಹೇಳುತ್ತದೆ

ಅದೇ ಫೋಟೋದಲ್ಲಿ 4 ಮೀ 32 ಎಂಬುದರ 3 ಮಸುಕಾಗಿ 8ರ ಹಾಗೆ ಕಂಡಿತು ಎಂದುಕೊಳ್ಳಿ. ಈಗ ಅಗಲ 482 ಸೆಂ.ಮೀ. ಕ್ರಮ ಒಂದಿಷ್ಟೂ ತಪ್ಪದೆ ಮಾಡಿದರೂ ಹೀಗಾಗುತ್ತದೆ:

```
624 = 482 × 1 + 142
482 = 142 × 3 + 56
142 = 56 × 2 + 30
56 = 30 × 1 + 26
30 = 26 × 1 + 4
26 = 4 × 6 + 2
4 = 2 × 2 + 0
```

ಮಸಾಅ 2. ಅಂದರೆ 2 ಸೆಂ.ಮೀ. ಬದಿಯ ಟೈಲ್! ಒಟ್ಟು 312 × 241 = 75192 ಟೈಲ್ಸ್. ಪುಸ್ತಕದ ಪ್ರಶ್ನೆ ಮಾಡುವವರು ಸಂಖ್ಯೆಗಳನ್ನು ಆರಿಸುವಾಗ ಉತ್ತರ ನಂಬುವ ಹಾಗೆ ಬರಲಿ ಎಂದು ನೋಡಿಕೊಂಡಿರುತ್ತಾರೆ. ಟೈಲ್ಸ್ ಲೆಕ್ಕದಲ್ಲಿ ಮಸಾಅ 1 ಅಥವಾ 2 ಬಂದರೆ, ಗಂಟೆ ಲೆಕ್ಕದಲ್ಲಿ ಲಸಾಅ ಐದಾರು ದಿನದಷ್ಟು ಬಂದರೆ, ಭಾಗಾಕಾರವನ್ನು ಮತ್ತೆ ಮತ್ತೆ ತಿದ್ದುತ್ತಾ ಕೂರಬೇಡಿ. ಫೋಟೋಗೆ ಹಿಂದೆ ಹೋಗಿ. 3–8, 1–7, 5–6 ಈ ಜೋಡಿಗಳನ್ನು ಮೊದಲು ನೋಡಿ.

ಟೈಲ್ಸ್ ಇದ್ದೂ ಲಸಾಅ

'45 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಟೈಲ್ಸುಗಳನ್ನು ಒಂದೇ ದಿಕ್ಕಿಗೆ ಜೋಡಿಸಿ ಅತಿ ಚಿಕ್ಕ ಚೌಕ ಮಾಡಬೇಕು. ಎಷ್ಟು ಟೈಲ್ಸ್ ಬೇಕು?'

ಹೀಗೊಂದು ಫೋಟೋ ಬಂದರೆ ಜತೆಗೆ ತಂದೆಯೋ ತಾಯಿಯೋ ಕೇಳುವುದುಂಟು: "ಮಾಷ್ಟ್ರೇ, ಟೈಲ್ಸ್ ಅಂದ್ರೆ ಮಸಾಅ ಅಲ್ವಾ? ಮಗ 15 ಅಂತ ಉತ್ತರ ಬರೆದಿದ್ದಾನೆ, ಪುಸ್ತಕದ ಹಿಂದೆ 6 ಅಂತ ಇದೆ."

ಇಲ್ಲಿ ಟೈಲನ್ನೇ ಕೊಟ್ಟಿದ್ದಾರೆ. ನೆಲ ಕೊಟ್ಟಿಲ್ಲ. ಟೈಲನ್ನು ತುಂಡು ಮಾಡುತ್ತಿಲ್ಲ, ಜೋಡಿಸುತ್ತಿದ್ದೇವೆ. ಉದ್ದದ ಕಡೆ 45, 90, 135 ಹೀಗೆ ಬೆಳೆಯುತ್ತದೆ. ಅಗಲದ ಕಡೆ 30, 60, 90. ಎರಡೂ ಮೊದಲು ಸೇರುವುದು 90ರಲ್ಲಿ. ಚೌಕದ ಬದಿ 90 ಸೆಂ.ಮೀ. ಉದ್ದದ ಕಡೆ 2 ಟೈಲ್ಸ್, ಅಗಲದ ಕಡೆ 3, ಒಟ್ಟು 6. 15 ಸೆಂ.ಮೀ. ಬದಿಯ ಚೌಕದೊಳಗೆ 45 ಸೆಂ.ಮೀ. ಟೈಲ್ ಕೂರುವುದೇ ಇಲ್ಲ. ಅಷ್ಟು ನೋಡಿದರೂ ಸಾಕಿತ್ತು.

ಗಂಟೆ ಲೆಕ್ಕ

'ಮೂರು ಗಂಟೆಗಳು ಕ್ರಮವಾಗಿ 12, 15, 18 ನಿಮಿಷಕ್ಕೊಮ್ಮೆ ಬಾರಿಸುತ್ತವೆ. ಬೆಳಿಗ್ಗೆ 6ಕ್ಕೆ ಮೂರೂ ಒಟ್ಟಿಗೆ ಬಾರಿಸಿದವು. ಮುಂದೆ ಒಟ್ಟಿಗೆ ಬಾರಿಸುವುದು ಯಾವಾಗ? ಸಂಜೆ 6ರವರೆಗೆ ಒಟ್ಟು ಎಷ್ಟು ಸಲ ಒಟ್ಟಿಗೆ ಬಾರಿಸುತ್ತವೆ?'

ಬಿಡಿಸಿದರೆ 12 = 2 × 2 × 3, 15 = 3 × 5, 18 = 2 × 3 × 3. ಪ್ರತಿ ಅವಿಭಾಜ್ಯ ಸಂಖ್ಯೆಯೂ ಯಾವುದರಲ್ಲಿ ಹೆಚ್ಚು ಸಲ ಬಂದಿದೆಯೋ ಅಷ್ಟು ಸಲ ತೆಗೆದುಕೊಳ್ಳಿ. 2 ಎರಡು ಸಲ, 3 ಎರಡು ಸಲ, 5 ಒಂದು ಸಲ. 4 × 9 × 5 = 180. ಅಂದರೆ 180 ನಿಮಿಷ, 3 ಗಂಟೆ ಹೊತ್ತು. ಮುಂದಿನ ಸಲ ಬೆಳಿಗ್ಗೆ 9ಕ್ಕೆ.

ಎರಡನೇ ಪ್ರಶ್ನೆಯಲ್ಲಿ 12 ÷ 3 = 4 ಎಂದು ಬರೆದು ಬಿಡುವುದು ಸಾಮಾನ್ಯ. ಬೆರಳಲ್ಲಿ ಎಣಿಸಿ ನೋಡಿ: 6, 9, 12, 3, 6. ಐದು ಸಲ. ನಡುವಿನ ಅಂತರಗಳು 4, ಬಾರಿಸಿದ್ದು 5. ಮೊದಲ ಸಲವನ್ನು ಬಿಟ್ಟು ಎಂದು ಪ್ರಶ್ನೆಯಲ್ಲಿ ಇದ್ದರೆ ಮಾತ್ರ 4. ಫೋಟೋದಲ್ಲಿ ಕಟ್ ಆಗುವ ಕೊನೆಯ ಸಾಲು ಎಷ್ಟೋ ಸಲ ಇದೇ.

ಲಸಾಅ ಕಂಡುಹಿಡಿಯುವಾಗ ಇನ್ನೊಂದು ಎಡವಟ್ಟು. ಎರಡು ಸಂಖ್ಯೆಗಳಿದ್ದರೆ ಮಸಾಅ × ಲಸಾಅ = ಆ ಎರಡು ಸಂಖ್ಯೆಗಳ ಗುಣಲಬ್ಧ. ಮೂರು ಸಂಖ್ಯೆಗೆ ಇದನ್ನು ಹಾಗೆಯೇ ಬಳಸಲಾಗದು. 12 × 15 × 18 = 3240, ಮಸಾಅ 3. ಭಾಗಿಸಿದರೆ 1080 ಬರುತ್ತದೆ. ಸರಿಯಾದ ಉತ್ತರ 180. ಮೂರು ಇದ್ದಾಗ ಮೊದಲ ಎರಡರ ಲಸಾಅ ಮಾಡಿ (12, 15ಕ್ಕೆ 60), ಆಮೇಲೆ ಅದರ ಜತೆ ಮೂರನೆಯದರ ಲಸಾಅ ಮಾಡಿ (60, 18ಕ್ಕೆ 180).

ಗಂಟೆ ಇದ್ದೂ ಮಸಾಅ

ಈಗ ಇದೇ ಸಂಖ್ಯೆಗಳ ಇನ್ನೊಂದು ಪ್ರಶ್ನೆ. 'ಆರತಿ ಹೊತ್ತಿಗೆ ಮೂರು ಗಂಟೆಗಳನ್ನು ಸಮ ಅಂತರದಲ್ಲಿ ನಿಮಿಷಕ್ಕೆ 12, 15, 18 ಸಲ ಬಾರಿಸುತ್ತಾರೆ. ಒಟ್ಟಿಗೆ ಶುರು ಮಾಡಿದರೆ ಮತ್ತೆ ಎಷ್ಟು ಸೆಕೆಂಡಿಗೆ ಒಟ್ಟಿಗೆ ಬಾರಿಸುತ್ತವೆ?'

'12 ನಿಮಿಷಕ್ಕೊಮ್ಮೆ' ಮತ್ತು 'ನಿಮಿಷಕ್ಕೆ 12 ಸಲ' ಫೋಟೋದಲ್ಲಿ ಒಂದೇ ಥರ ಕಾಣುತ್ತವೆ. ಓಡಿಸಿಕೊಂಡು ಓದಿದರೆ ಗೊತ್ತೇ ಆಗುವುದಿಲ್ಲ. ಮೊದಲ ಗಂಟೆ 60 ÷ 12 = 5 ಸೆಕೆಂಡಿಗೊಮ್ಮೆ, ಎರಡನೆಯದು 4 ಸೆಕೆಂಡಿಗೊಮ್ಮೆ. ಮೂರನೆಯದು 60 ÷ 18, ಅಂದರೆ 3 ಸೆಕೆಂಡ್ ಮತ್ತು ಒಂದು ಸೆಕೆಂಡಿನ ಮೂರನೇ ಒಂದು ಭಾಗ. ಭಿನ್ನರಾಶಿ ಬಂತು, ಲಸಾಅ ಮಾಡಲು ಕಷ್ಟ.

ಬೇರೆ ಕಡೆಯಿಂದ ನೋಡಿ. ಒಂದು ನಿಮಿಷವನ್ನೇ ಸಮನಾಗಿ ತುಂಡು ಮಾಡೋಣ. ಪ್ರತಿ ತುಂಡಿನಲ್ಲೂ ಮೂರೂ ಗಂಟೆಗಳು ಪೂರ್ಣ ಸಂಖ್ಯೆಯಷ್ಟು ಸಲ ಬಾರಿಸಬೇಕು. ಅಂಥ ತುಂಡು ಆದಷ್ಟು ಚಿಕ್ಕದಾಗಬೇಕಾದರೆ ತುಂಡುಗಳ ಸಂಖ್ಯೆ ಆದಷ್ಟು ದೊಡ್ಡದಾಗಬೇಕು. 12, 15, 18ರ ಮಸಾಅ 3. ನಿಮಿಷವನ್ನು 3 ತುಂಡು ಮಾಡಿದರೆ ಒಂದು ತುಂಡು 20 ಸೆಕೆಂಡ್. ಆ 20 ಸೆಕೆಂಡಿನಲ್ಲಿ ಅವು 4, 5, 6 ಸಲ ಬಾರಿಸುತ್ತವೆ. ಉತ್ತರ 20 ಸೆಕೆಂಡ್. ಗಂಟೆ ಲೆಕ್ಕವೇ, ಆದರೆ ತುಂಡು ಮಾಡಿದ್ದರಿಂದ ಮಸಾಅ.

ಉತ್ತರ ಸರಿಯೇ ಎಂದು ನೋಡುವ ಬಗೆ

ಮಸಾಅ ಆಗಲಿ, ಲಸಾಅ ಆಗಲಿ, ಪರೀಕ್ಷೆ ಒಂದೇ. ಭಾಗಿಸಿ, ಬಂದ ಭಾಗಲಬ್ಧಗಳನ್ನು ನೋಡಿ. 624, 432ನ್ನು 48ರಿಂದ ಭಾಗಿಸಿದಾಗ 13, 9 ಬಂದವು. ಇವೆರಡನ್ನೂ ಭಾಗಿಸುವ ಸಂಖ್ಯೆ 1 ಬಿಟ್ಟು ಬೇರೆ ಇಲ್ಲ. ಹಾಗಾಗಿ 48 ಸರಿ. ಯಾರಾದರೂ 24 ಎಂದು ನಿಲ್ಲಿಸಿದ್ದರೆ 26, 18 ಬರುತ್ತಿತ್ತು. ಎರಡೂ 2ರಿಂದ ಹೋಗುತ್ತವೆ. ಅಂದರೆ ಟೈಲ್ ಇನ್ನೂ ದೊಡ್ಡದಾಗಬಹುದು.

ಲಸಾಅಕ್ಕೆ ತಿರುಗಿಸಿ ಭಾಗಿಸಿ. 180ನ್ನು 12, 15, 18ರಿಂದ ಭಾಗಿಸಿದರೆ 15, 12, 10. ಮೂರನ್ನೂ ಒಟ್ಟಿಗೆ ಭಾಗಿಸುವ ಸಂಖ್ಯೆ 1 ಬಿಟ್ಟು ಬೇರೆ ಇಲ್ಲ, ಸರಿ. 360 ಎಂದು ಬರೆದಿದ್ದರೆ 30, 24, 20 ಬರುತ್ತಿತ್ತು. ಮೂರೂ 2ರಿಂದ ಹೋಗುತ್ತವೆ. ಅಂದರೆ ಗಂಟೆಗಳು ಅದಕ್ಕೂ ಮೊದಲೇ ಸೇರಿವೆ.

ಶಾಲೆಯ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಸ್ಪ್ರೆಡ್‌ಶೀಟ್ ಇದ್ದರೆ ಅಲ್ಲೂ ನೋಡಬಹುದು.

```
=GCD(624,432)
=LCM(12,15,18)
```

48, 180 ಬರುತ್ತವೆ. ಒಂದು ಎಚ್ಚರಿಕೆ: ಮೀಟರಿನಲ್ಲೇ `=GCD(6.24,4.32)` ಎಂದು ಹಾಕಿದರೆ ಅದು ದಶಮಾಂಶವನ್ನು ಬಿಟ್ಟು 6 ಮತ್ತು 4ರ ಮಸಾಅ 2 ಎಂದು ತೋರಿಸುತ್ತದೆ. ತಪ್ಪು ಎಂಬ ಸೂಚನೆಯೂ ಕೊಡುವುದಿಲ್ಲ. ಸೆಂಟಿಮೀಟರ್ ಮಾಡಿಯೇ ಹಾಕಿ.

ಒಟ್ಟಿಗೆ ಶುರುವಾಗದ ಗಂಟೆಗಳು

ಬರೀ ಲಸಾಅದಿಂದ ಉತ್ತರ ಸಿಗುವುದು ಎಲ್ಲ ಗಂಟೆಗಳೂ ಒಮ್ಮೆ ಒಟ್ಟಿಗೆ ಬಾರಿಸಿದ ಹೊತ್ತು ಗೊತ್ತಿದ್ದಾಗ ಮಾತ್ರ. ಫೋಟೋದಲ್ಲಿ ಆ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಲೆಕ್ಕ ಬೇರೆ.

ಎರಡು ಗಂಟೆ ತೆಗೆದುಕೊಳ್ಳಿ. ಒಂದು 12 ನಿಮಿಷಕ್ಕೊಮ್ಮೆ, 6ಕ್ಕೆ ಶುರು. ಇನ್ನೊಂದು 18 ನಿಮಿಷಕ್ಕೊಮ್ಮೆ, 6 ಗಂಟೆ 6 ನಿಮಿಷಕ್ಕೆ ಶುರು. ಮೊದಲನೆಯದು 6:00, 6:12, 6:24ಕ್ಕೆ ಬಾರಿಸುತ್ತದೆ. ಎರಡನೆಯದು 6:06, 6:24ಕ್ಕೆ. 6:24ಕ್ಕೆ ಸೇರಿದವು. ಅಲ್ಲಿಂದ ಮುಂದೆ 36 ನಿಮಿಷಕ್ಕೊಮ್ಮೆ ಸೇರುತ್ತವೆ, ಅದು ಲಸಾಅ.

ಎರಡನೆಯದು 6:05ಕ್ಕೆ ಶುರುವಾದರೆ? 6:05, 6:23, 6:41, 6:59. ಎಷ್ಟು ಹೊತ್ತು ಕಾದರೂ ಇವು ಸೇರುವುದೇ ಇಲ್ಲ. 12, 18ರ ಮಸಾಅ 6. ಮೊದಲ ಗಂಟೆ ಬಾರಿಸುವುದು 6ಕ್ಕೆ ಶುರುವಾದ ಮೇಲೆ 6ರ ಅಪವರ್ತ್ಯವಾದ ನಿಮಿಷಗಳಲ್ಲಿ ಮಾತ್ರ. ಎರಡನೆಯದು ಯಾವಾಗಲೂ 6ರ ಯಾವುದಾದರೂ ಅಪವರ್ತ್ಯಕ್ಕಿಂತ 5 ನಿಮಿಷ ಜಾಸ್ತಿ. ಶುರುವಾದ ಹೊತ್ತಿನ ವ್ಯತ್ಯಾಸ ಮಸಾಅದಿಂದ ಭಾಗವಾದರೆ ಗಂಟೆಗಳು ಸೇರುತ್ತವೆ, ಇಲ್ಲವಾದರೆ ಇಲ್ಲ. ಸೇರುತ್ತವೋ ಇಲ್ಲವೋ ಎಂದು ಹೇಳುವುದು ಮಸಾಅ, ಸೇರಿದ ಮೇಲೆ ಎಷ್ಟು ಹೊತ್ತಿಗೊಮ್ಮೆ ಎಂದು ಹೇಳುವುದು ಲಸಾಅ. ಮೊದಲ ಸಲ ಸೇರುವ ಹೊತ್ತನ್ನು ದೊಡ್ಡ ಸಂಖ್ಯೆಗಳಿಗೂ ಕಂಡುಹಿಡಿಯುವ ಕ್ರಮವನ್ನು ಆರ್ಯಭಟ ಸುಮಾರು 499ರಲ್ಲೇ ಕೊಟ್ಟಿದ್ದಾನೆ. ಅದಕ್ಕೆ ಕುಟ್ಟಕ ಎಂದು ಹೆಸರು. ಅದು ಶುರುವಾಗುವುದೂ ಮೇಲೆ ಟೈಲ್ಸಿಗೆ ಮಾಡಿದ ಆ ಸರಣಿ ಭಾಗಾಕಾರದಿಂದಲೇ. ಶಾಲೆಯ ಸಣ್ಣ ಸಂಖ್ಯೆಗಳಿಗೆ ಅಷ್ಟು ಬೇಡ. ಎರಡು ಸಾಲು ಸಮಯ ಬರೆಯಿರಿ, ತಡವಾಗಿ ಶುರುವಾದ ಗಂಟೆಯ ಹೊತ್ತಿನಿಂದ ಒಂದು ಲಸಾಅದಷ್ಟು ಹೊತ್ತು ಮುಂದೆ ಹೋಗಿ. ಅಷ್ಟರೊಳಗೆ ಸೇರದಿದ್ದರೆ ಮತ್ತೆ ಸೇರುವುದಿಲ್ಲ.